ದೊಡ್ಡ ಚೆಕ್ಕಿಗೆ ಎರಡನೇ ಸಾಕ್ಷಿ

2020ರ ಸೆಪ್ಟೆಂಬರ್ ಮೊದಲ ವಾರ. ಅಯೋಧ್ಯೆಯಲ್ಲಿ ರಾಮಮಂದಿರ ಕಟ್ಟಿಸುತ್ತಿದ್ದ ಟ್ರಸ್ಟಿನ ಬ್ಯಾಂಕ್ ಖಾತೆಯಿಂದ ಮೊದಲು ಎರಡೂವರೆ ಲಕ್ಷ ರೂಪಾಯಿ ಹೋಯಿತು. ಒಂದೆರಡು ದಿನದಲ್ಲಿ ಇನ್ನೂ ಮೂರೂವರೆ ಲಕ್ಷ ಹೋಯಿತು. ಎರಡೂ ಚೆಕ್ಕಿನ ಮೂಲಕ ಹೋದ ಹಣ. ಚೆಕ್ಕಿನಲ್ಲಿ ಸಹಿ ಇತ್ತು, ಕೆಳಗಿನ ಅಂಕಿಗಳು ಸರಿಯಾಗಿದ್ದವು, ಖಾತೆಯಲ್ಲಿ ಹಣವೂ ಇತ್ತು. ಹಾಗಾಗಿ ಪಾಸಾದವು. ಸ್ವಲ್ಪ ದಿನದಲ್ಲಿ ಮೂರನೇ ಚೆಕ್ಕು ಬಂತು. ಈ ಸಲ ಮೊತ್ತ 9.86 ಲಕ್ಷ. ಮೊತ್ತ ದೊಡ್ಡದೆಂದು ಬ್ಯಾಂಕಿನವರು ಟ್ರಸ್ಟಿನ ಪ್ರಧಾನ ಕಾರ್ಯದರ್ಶಿ ಚಂಪತ್ ರಾಯ್ ಅವರಿಗೆ ಫೋನ್ ಮಾಡಿ, ಈ ಚೆಕ್ಕು ನೀವೇ ಕೊಟ್ಟಿದ್ದೀರಾ ಎಂದು ಕೇಳಿದರು. ಅವರು ಇಲ್ಲ ಎಂದರು. ಹುಡುಕಿ ನೋಡಿದರೆ ಅದೇ ನಂಬರಿನ ಅಸಲಿ ಹಾಳೆಗಳು ಬಳಕೆಯಾಗದೆ ಟ್ರಸ್ಟಿನ ಬಳಿಯೇ ಇದ್ದವು. ಬ್ಯಾಂಕಿಗೆ ಬಂದಿದ್ದವು ಅವುಗಳ ತದ್ರೂಪಿ ನಕಲುಗಳು. ಮೊದಲು ಹೋದ ಆರು ಲಕ್ಷವನ್ನು ಬ್ಯಾಂಕು ಆಮೇಲೆ ಟ್ರಸ್ಟಿಗೆ ತುಂಬಿಕೊಟ್ಟಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು, ಮೂರನೇ ಚೆಕ್ಕನ್ನು ತಡೆದದ್ದು ಯಂತ್ರವೂ ಅಲ್ಲ, ಸಹಿ ನೋಡುವ ಕಣ್ಣೂ ಅಲ್ಲ. ಬರೆದವರನ್ನೇ ಕೇಳಿದ ಒಂದು ಪ್ರಶ್ನೆ. ಈಗ ದೊಡ್ಡ ಮೊತ್ತದ ಚೆಕ್ಕು ಕೊಟ್ಟವರಿಗೆಲ್ಲ ಬ್ಯಾಂಕು ಅದೇ ಪ್ರಶ್ನೆಯನ್ನು, ಸ್ವಲ್ಪ ಬೇರೆ ರೂಪದಲ್ಲಿ, ಮುಂಚಿತವಾಗಿಯೇ ಕೇಳುತ್ತಿದೆ. ಇದಕ್ಕೆ ಪಾಸಿಟಿವ್ ಪೇ ಎಂದು ಹೆಸರು. ಅಯೋಧ್ಯೆಯ ಘಟನೆಯಿಂದಲೇ ಇದು ಹುಟ್ಟಿತು ಎನ್ನಲಾಗದು. ರಿಸರ್ವ್ ಬ್ಯಾಂಕು ಅದಕ್ಕೂ ಮೊದಲು, 2020ರ ಆಗಸ್ಟ್ 6ರಂದೇ ಇದನ್ನು ಘೋಷಿಸಿತ್ತು. ವಿವರವಾದ ಸುತ್ತೋಲೆ ಸೆಪ್ಟೆಂಬರ್ 25ಕ್ಕೆ ಹೊರಬಿತ್ತು, 2021ರ ಜನವರಿ 1ರಿಂದ ಜಾರಿಗೆ ಬಂತು.

ಬ್ಯಾಂಕಿನ ಕೌಂಟರಿನಲ್ಲಿ ನಿಂತವರ ಗೊಣಗಾಟ ಮಾತ್ರ ಇಂದಿಗೂ ನಿಂತಿಲ್ಲ. ‘ನನ್ನ ದುಡ್ಡು, ನನ್ನ ಚೆಕ್ಕು, ನನ್ನ ಸಹಿ. ಮತ್ತೆ ನನ್ನನ್ನೇ ಕೇಳುವುದೇನು?’ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬ್ಯಾಂಕು ಅನುಮಾನ ಪಡುತ್ತಿರುವುದು ಗ್ರಾಹಕನ ಮೇಲಲ್ಲ, ತನ್ನ ಕಣ್ಣ ಮುಂದಿರುವ ಚಿತ್ರದ ಮೇಲೆ. ಹೌದು, ಚಿತ್ರದ ಮೇಲೆಯೇ. ಹಣ ಕೊಡಬೇಕಾದ ಬ್ಯಾಂಕು ಈಗ ಚೆಕ್ಕನ್ನು ಕೈಯಲ್ಲಿ ಮುಟ್ಟಿ ನೋಡುವುದೇ ಇಲ್ಲ.

ಮೊದಲೆಲ್ಲ ಹಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಜಮಾ ಮಾಡಿದ ಶಿರಸಿಯ ಚೆಕ್ಕು ಲಕೋಟೆಯಲ್ಲಿ ಪ್ರಯಾಣ ಮಾಡಿ ಶಿರಸಿಯ ಶಾಖೆಗೇ ಹೋಗಬೇಕಿತ್ತು. ಅಲ್ಲಿನ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಕಾಗದದ ಒರಟುತನ ಬೆರಳಿಗೆ ತಿಳಿಯುತ್ತಿತ್ತು. ಎಷ್ಟೋ ಸಲ ಖಾತೆದಾರರ ಕೈಬರಹವೇ ಅವರಿಗೆ ಪರಿಚಿತವಾಗಿರುತ್ತಿತ್ತು. ಆದರೆ ಹಣ ಬರಲು ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಅದನ್ನು ತಪ್ಪಿಸಲು ಬಂದದ್ದು ಚೆಕ್ ಟ್ರಂಕೇಷನ್ ಸಿಸ್ಟಂ, ಬ್ಯಾಂಕಿನವರ ಬಾಯಲ್ಲಿ ಸಿಟಿಎಸ್. 2008ರಲ್ಲಿ ದೆಹಲಿಯಲ್ಲಿ ಶುರುವಾಯಿತು, 2011ರಲ್ಲಿ ಚೆನ್ನೈಗೆ, 2013ರಲ್ಲಿ ಮುಂಬೈಗೆ ಬಂತು. ಈ ವ್ಯವಸ್ಥೆಯಲ್ಲಿ ಚೆಕ್ಕಿನ ಕಾಗದ ಜಮಾ ಮಾಡಿದ ಬ್ಯಾಂಕಿನಲ್ಲೇ ಉಳಿದುಬಿಡುತ್ತದೆ. ಮುಂದಕ್ಕೆ ಹೋಗುವುದು ಮೂರು ಚಿತ್ರಗಳು: ಮುಂಭಾಗದ್ದು ಒಂದು ಬೂದುಬಣ್ಣದಲ್ಲಿ, ಇನ್ನೊಂದು ಬರೀ ಕಪ್ಪುಬಿಳುಪಿನಲ್ಲಿ, ಹಿಂಭಾಗದ್ದು ಕಪ್ಪುಬಿಳುಪಿನಲ್ಲಿ. ಜೊತೆಗೆ ಚೆಕ್ಕಿನ ಕೆಳಗಿನ ಬಿಳಿಪಟ್ಟಿಯಲ್ಲಿ ಕಾಂತೀಯ ಶಾಯಿಯಿಂದ ಅಚ್ಚಾದ ಅಂಕಿಗಳು.

ಈಗಿನ ಚೆಕ್ ಹಾಳೆಯಲ್ಲಿ ಕಳ್ಳರನ್ನು ತಡೆಯುವ ಗುರುತುಗಳು ಸಾಕಷ್ಟಿವೆ. ಬೆಳಕಿಗೆ ಹಿಡಿದರೆ ಕಾಣುವ ‘ಸಿಟಿಎಸ್ ಇಂಡಿಯಾ’ ಎಂಬ ನೀರಚ್ಚು ಇದೆ. ನೇರಳಾತೀತ ದೀಪದ ಕೆಳಗೆ ಮಾತ್ರ ಹೊಳೆಯುವ ಬ್ಯಾಂಕಿನ ಲಾಂಛನ ಇದೆ. ಝೆರಾಕ್ಸ್ ಮಾಡಿದರೆ ಮಾತ್ರ ಎದ್ದು ಕಾಣುವ, ಬರಿಗಣ್ಣಿಗೆ ಅಡಗಿರುವ ‘ವಾಯ್ಡ್’ ಎಂಬ ಅಕ್ಷರಗಳೂ ಇವೆ. ನೀರಚ್ಚಾಗಲಿ ದೀಪಕ್ಕೆ ಹೊಳೆಯುವ ಲಾಂಛನವಾಗಲಿ ತಿಳಿಯಬೇಕಾದರೆ ಕಾಗದ ಕೈಯಲ್ಲಿರಬೇಕು. ಇಂಚಿಗೆ ನೂರು ಚುಕ್ಕಿಯ ಬೂದು ಚಿತ್ರದಲ್ಲಿ ಅವು ಕಾಣುವುದಿಲ್ಲ. ಹಾಗಾಗಿ ಕಾಗದ ಪರೀಕ್ಷಿಸುವ ಹೊಣೆಯನ್ನು ಕಾನೂನು ಜಮಾ ಪಡೆದ ಬ್ಯಾಂಕಿಗೆ ವಹಿಸಿದೆ. ಆ ಬ್ಯಾಂಕಿಗೆ ಚೆಕ್ಕು ಬರೆದವರು ಯಾರೆಂದೇ ಗೊತ್ತಿಲ್ಲ, ಅವರ ಮಾದರಿ ಸಹಿಯೂ ಅಲ್ಲಿಲ್ಲ. ಮಾದರಿ ಸಹಿ ಇರುವ ಬ್ಯಾಂಕಿನ ಕೈಯಲ್ಲಿ ಕಾಗದವಿಲ್ಲ. ಕಾಗದ ಒಬ್ಬರ ಬಳಿ, ಸಹಿ ಇನ್ನೊಬ್ಬರ ಬಳಿ. ವಂಚಕರು ನುಸುಳುವುದು ಈ ನಡುವಿನ ಸಂದಿನಲ್ಲಿ.

ಅವರ ಕೆಲಸ ನಡೆಯುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಅಸಲಿ ಚೆಕ್ಕನ್ನೇ ತಿದ್ದುವುದು. ಸಾಲ ಕೊಡಿಸುತ್ತೇನೆಂದೋ ವಿಮೆ ಮಾಡಿಸುತ್ತೇನೆಂದೋ ಮನೆಗೆ ಬಂದವನು ತನ್ನ ಪೆನ್ನನ್ನೇ ಕೊಟ್ಟು ಚೆಕ್ಕು ಬರೆಸುತ್ತಾನೆ. ಅದರ ಶಾಯಿ ಅಳಿಸಿದರೆ ಹೋಗುವಂಥದ್ದು. ಸಹಿಗೆ ಮಾತ್ರ ಬೇರೆ ಪೆನ್ನು. ಆಮೇಲೆ ಹೆಸರು, ಮೊತ್ತ ಎಲ್ಲವೂ ಹೊಸದು, ಸಹಿ ಮಾತ್ರ ಅಸಲಿ.

ಇನ್ನೊಂದು ದಾರಿ ನಕಲು ಚೆಕ್ಕಿನದು. ಇದಕ್ಕೆ ಚೆಕ್ಕು ಕದಿಯುವ ಅಗತ್ಯವೇ ಇಲ್ಲ, ನೋಡಿದರೆ ಸಾಕು. ಚೆಕ್ಕಿನ ಕೆಳಗಿನ ಪಟ್ಟಿಯನ್ನು ಎಡದಿಂದ ಓದಿ: ಮೊದಲ ಆರು ಅಂಕಿ ಚೆಕ್ಕಿನ ನಂಬರು. ಮುಂದಿನ ಒಂಬತ್ತರಲ್ಲಿ ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಬೆಂಗಳೂರಾದರೆ 560ರಿಂದ ಶುರು. ಅದರ ಮುಂದಿನ ಆರು ಖಾತೆಗೆ ಸಂಬಂಧಿಸಿದ್ದು, ಕೊನೆಯ ಎರಡು ಖಾತೆಯ ಬಗೆಯನ್ನು ಹೇಳುತ್ತದೆ. ಗುಟ್ಟಿನ ಅಂಕಿ ಇದರಲ್ಲಿ ಒಂದೂ ಇಲ್ಲ. ಚೆಕ್ಕಿನ ನಂಬರುಗಳು ಸಾಲಾಗಿ ಬರುವುದರಿಂದ ಇಂದಿನ ಚೆಕ್ಕು ಸಿಕ್ಕವನಿಗೆ ನಾಳಿನ ಚೆಕ್ಕಿನ ನಂಬರೂ ಸಿಕ್ಕಂತೆ. ನಾವೋ, ಸಾಲಕ್ಕೆ, ಕಂತಿಗೆ, ಹೊಸ ಕೆಲಸಕ್ಕೆ ಎಂದು ರದ್ದು ಮಾಡಿದ ಚೆಕ್ಕಿನ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕೇಳಿದವರಿಗೆಲ್ಲ ಕಳಿಸುತ್ತೇವೆ. ಕೆಲವರು ಅದರ ಮೇಲೆ ಸಹಿಯನ್ನೂ ಮಾಡಿರುತ್ತಾರೆ! ರದ್ದಾದ ಚೆಕ್ಕಿಗೆ ಸಹಿ ಬೇಡವೇ ಬೇಡ. ಇಷ್ಟು ವಿವರ ಸಿಕ್ಕವನು ಅದೇ ಬ್ಯಾಂಕಿನ ಬೇರೆ ಯಾವುದೋ ಅಸಲಿ ಹಾಳೆಯ ಅಂಕಿಗಳನ್ನು ರಾಸಾಯನಿಕದಿಂದ ತೊಳೆದು, ನಮ್ಮ ಅಂಕಿಗಳನ್ನು ಅಚ್ಚು ಹಾಕುತ್ತಾನೆ. ಹಾಳೆ ಅಸಲಿಯಾದ್ದರಿಂದ ನೀರಚ್ಚು ಸರಿಯಾಗಿಯೇ ಕಾಣುತ್ತದೆ.

ಇಂಥ ಮೋಸಗಳು ಹೆಚ್ಚಿದಾಗ ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ಒಂದಿಷ್ಟು ಎಚ್ಚರಿಕೆಗಳನ್ನು ಹೇಳಿತ್ತು. ಎರಡು ಲಕ್ಷ ದಾಟಿದ ಚೆಕ್ಕನ್ನು ನೇರಳಾತೀತ ದೀಪದಲ್ಲಿ ನೋಡಿ, ಐದು ಲಕ್ಷದಂಥ ಮೊತ್ತ ದಾಟಿದರೆ ಒಬ್ಬರಿಗಿಂತ ಹೆಚ್ಚು ಮಂದಿ ಪರಿಶೀಲಿಸಿ, ಸಂಶಯ ಬಂದರೆ ಅಥವಾ ಮೊತ್ತ ದೊಡ್ಡದಿದ್ದರೆ ಗ್ರಾಹಕರಿಗೆ ಫೋನ್ ಮಾಡಿ ಎಂದಿತ್ತು. ಅಯೋಧ್ಯೆಯಲ್ಲಿ ಕೆಲಸಕ್ಕೆ ಬಂದದ್ದು ಇಂಥ ಫೋನೇ. ಆದರೆ ಅದರ ಮಿತಿಯೂ ಅಲ್ಲೇ ಕಾಣುತ್ತದೆ. ಮೊದಲ ಎರಡು ಚೆಕ್ಕಿಗೆ ಆ ಫೋನು ಕಾವಲಾಗಲಿಲ್ಲ, ಮೂರನೆಯದಕ್ಕೆ ಆಯಿತು. ಫೋನ್ ಮಾಡುವುದು ಅಧಿಕಾರಿಯ ಎಚ್ಚರವನ್ನೂ ಬಿಡುವನ್ನೂ ಅವಲಂಬಿಸಿದೆ. ಗ್ರಾಹಕರು ಫೋನ್ ಎತ್ತದಿದ್ದರೆ ಚೆಕ್ಕನ್ನು ವಾಪಸು ಮಾಡಬೇಕೋ ಪಾಸು ಮಾಡಬೇಕೋ ಎಂಬ ಇಕ್ಕಟ್ಟು. ಗಟ್ಟಿಗ ವಂಚಕರು ಗ್ರಾಹಕರ ಸಿಮ್ಮನ್ನೇ ತಮ್ಮ ಹೆಸರಿಗೆ ಹೊಸದಾಗಿ ಪಡೆದು, ಬ್ಯಾಂಕಿನ ಫೋನಿಗೆ ತಾವೇ ‘ಹೌದು ಸಾರ್, ನಾನೇ ಕೊಟ್ಟದ್ದು’ ಎನ್ನಲೂ ಬಲ್ಲರು.

ಪಾಸಿಟಿವ್ ಪೇ ಇದನ್ನು ತಿರುಗಿಸಿತು. ಚೆಕ್ಕು ಬಂದ ಮೇಲೆ ಬ್ಯಾಂಕು ಕೇಳುವ ಬದಲು, ಚೆಕ್ಕು ಬರುವ ಮೊದಲೇ ಬರೆದವರು ಹೇಳಿಬಿಡುವುದು. ಶಿರಸಿಯ ಒಬ್ಬ ಅಡಿಕೆ ವ್ಯಾಪಾರಿ ಹುಬ್ಬಳ್ಳಿಯ ಟ್ರ್ಯಾಕ್ಟರ್ ಡೀಲರಿಗೆ 6,85,000 ರೂಪಾಯಿಯ ಚೆಕ್ಕು ಕೊಟ್ಟರು ಎಂದುಕೊಳ್ಳೋಣ. ಸೋಮವಾರ ಚೆಕ್ಕು ಬರೆದ ಕೂಡಲೇ ತಮ್ಮ ಬ್ಯಾಂಕಿನ ಆ್ಯಪ್ ತೆರೆದು ಖಾತೆ ನಂಬರು, ಆರಂಕಿಯ ಚೆಕ್ ನಂಬರು, ಚೆಕ್ಕಿನ ತಾರೀಖು, ಮೊತ್ತ, ಯಾರ ಹೆಸರಿಗೆ ಎಂಬುದನ್ನು ತುಂಬುತ್ತಾರೆ. ಆ್ಯಪ್ ಬಳಸದವರು ಶಾಖೆಗೆ ಹೋಗಿ ಫಾರಂ ಬರೆದುಕೊಡಬಹುದು. ಕೆಲವು ಬ್ಯಾಂಕುಗಳಲ್ಲಿ ಎಸ್ಎಂಎಸ್ ಅಥವಾ ಎಟಿಎಂ ದಾರಿಯೂ ಉಂಟು. ಈ ವಿವರ ಬ್ಯಾಂಕಿನಿಂದ ಎನ್‌ಪಿಸಿಐ, ಅಂದರೆ ಯುಪಿಐ ನಡೆಸುವ ಅದೇ ಸಂಸ್ಥೆಯ ವ್ಯವಸ್ಥೆಗೆ ಹೋಗಿ ಕೂರುತ್ತದೆ.

ಮಂಗಳವಾರ ಡೀಲರ್ ಹುಬ್ಬಳ್ಳಿಯ ತಮ್ಮ ಬ್ಯಾಂಕಿಗೆ ಚೆಕ್ಕು ಹಾಕುತ್ತಾರೆ. ಅಲ್ಲಿ ಕಾಗದ ಪರೀಕ್ಷಿಸಿ ಸ್ಕ್ಯಾನ್ ಮಾಡುತ್ತಾರೆ. ಚಿತ್ರ ಮತ್ತು ಅಂಕಿಗಳು ಕ್ಲಿಯರಿಂಗಿಗೆ ಹೋದಾಗ ವ್ಯವಸ್ಥೆ ಅವನ್ನು ಸೋಮವಾರದ ವಿವರದ ಪಕ್ಕ ಇಟ್ಟು ನೋಡುತ್ತದೆ. ಎಲ್ಲವೂ ತಾಳೆಯಾದರೆ ಚೆಕ್ಕು ಮುಂದಕ್ಕೆ. ದಾರಿಯಲ್ಲಿ ಯಾರೋ 6,85,000ವನ್ನು 8,65,000 ಮಾಡಿದ್ದರೆ, ಹೆಸರು ಬದಲಿಸಿದ್ದರೆ, ಎರಡೂ ಬ್ಯಾಂಕುಗಳಿಗೆ ಕೆಂಪು ನಿಶಾನೆ ಹೋಗುತ್ತದೆ. ವ್ಯಾಪಾರಿಯ ಮುಂದಿನ ಹಾಳೆಯ ನಕಲನ್ನು ತಂದವನಿಗಂತೂ ಕಷ್ಟ ಇನ್ನೂ ಹೆಚ್ಚು. ಆ ನಂಬರಿನ ಹೆಸರಲ್ಲಿ ಯಾವ ವಿವರವೂ ದಾಖಲಾಗಿಲ್ಲ. ಸಹಿ ಎಷ್ಟೇ ಚೆನ್ನಾಗಿ ಮಾಡಿದ್ದರೂ, ಬೇರೆ ದಾರಿಯಲ್ಲಿ, ಬೇರೆ ಪಾಸ್‌ವರ್ಡಿನಿಂದ ಹೋಗಬೇಕಿದ್ದ ಈ ಎರಡನೇ ಸಾಕ್ಷಿಯನ್ನು ಅವನು ಪ್ರಿಂಟರಿನಲ್ಲಿ ತಯಾರಿಸಲಾರ.

ವಿವರ ತಾಳೆಯಾದ ಮಾತ್ರಕ್ಕೆ ಹಣ ಬಂದೇ ಬರುತ್ತದೆ ಎಂದು ಮಾತ್ರ ತಿಳಿಯಬಾರದು. ಸಹಿಯ ಪರಿಶೀಲನೆ ಮಾಮೂಲಿನಂತೆ ನಡೆಯುತ್ತದೆ, ಖಾತೆಯಲ್ಲಿ ಹಣ ಇಲ್ಲದಿದ್ದರೆ ಚೆಕ್ಕು ಮಾಮೂಲಿನಂತೆ ಬೌನ್ಸ್ ಆಗುತ್ತದೆ.

ಎಷ್ಟು ಮೊತ್ತದಿಂದ ಇದು ಬೇಕು? ಐವತ್ತು ಸಾವಿರ ಮತ್ತು ಮೇಲ್ಪಟ್ಟ ಚೆಕ್ಕುಗಳಿಗೆ ಈ ಸೌಲಭ್ಯವನ್ನು ಬ್ಯಾಂಕು ಒದಗಿಸಲೇಬೇಕು, ಬಳಸುವುದು ಬಿಡುವುದು ಖಾತೆದಾರರ ಇಷ್ಟ ಎಂದು ರಿಸರ್ವ್ ಬ್ಯಾಂಕು ಹೇಳಿತು. ಐದು ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ ಕಡ್ಡಾಯ ಮಾಡುವ ಸ್ವಾತಂತ್ರ್ಯವನ್ನು ಬ್ಯಾಂಕುಗಳಿಗೆ ಬಿಟ್ಟಿತು. ಹಲವು ಬ್ಯಾಂಕುಗಳು ಕಡ್ಡಾಯ ಮಾಡಿವೆ. ಪಂಜಾಬ್ ನ್ಯಾಷನಲ್ ಬ್ಯಾಂಕು 2022ರ ಏಪ್ರಿಲಿನಲ್ಲಿ ಹತ್ತು ಲಕ್ಷಕ್ಕೆ ಗೆರೆ ಎಳೆದು, ಮರುವರ್ಷ ಅದನ್ನು ಐದು ಲಕ್ಷಕ್ಕೆ ಇಳಿಸಿತು. ಐಚ್ಛಿಕ ಎಂಬ ಮಾತಿನ ಹಿಂದೆ ಒಂದು ಮುಳ್ಳೂ ಇದೆ. ಈ ಕ್ರಮ ಪಾಲಿಸಿದ ಚೆಕ್ಕುಗಳನ್ನು ಮಾತ್ರ ಕ್ಲಿಯರಿಂಗ್ ವ್ಯವಸ್ಥೆಯ ವಿವಾದ ಪರಿಹಾರಕ್ಕೆ ತೆಗೆದುಕೊಳ್ಳಲಾಗುವುದು ಎಂದು ಅದೇ ಸುತ್ತೋಲೆ ಹೇಳುತ್ತದೆ. ಅರುವತ್ತು ಸಾವಿರದ ಚೆಕ್ಕು ಬರೆದು ವಿವರ ಕೊಡದಿದ್ದರೆ ಯಾರೂ ದಂಡ ಹಾಕುವುದಿಲ್ಲ, ಆದರೆ ಎಡವಟ್ಟಾದರೆ ಹತ್ತಬೇಕಾದ ಮೆಟ್ಟಿಲುಗಳಲ್ಲಿ ಒಂದು ಕಡಿಮೆಯಾಗಿರುತ್ತದೆ.

ಬ್ಯಾಂಕುಗಳಿಗೆ ಇಷ್ಟು ಕಾಳಜಿ ಏಕೆ ಎಂದರೆ, ನಷ್ಟ ಬಹುಪಾಲು ಅವುಗಳ ತಲೆಗೇ ಬರುವುದರಿಂದ. ಇದನ್ನು ಖಚಿತಪಡಿಸಿದ ತೀರ್ಪು ಕರ್ನಾಟಕದ ಬ್ಯಾಂಕೊಂದರ ಮೊಕದ್ದಮೆಯಲ್ಲೇ ಬಂದದ್ದು. ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿಯ ಚೆಕ್‌ಬುಕ್ ಅದರ ಅಕೌಂಟೆಂಟ್ ವಶದಲ್ಲಿತ್ತು. ಆತ ಮ್ಯಾನೇಜಿಂಗ್ ಡೈರೆಕ್ಟರರ ಸಹಿಯನ್ನು ನಕಲು ಮಾಡಿ, ವರ್ಷಗಟ್ಟಲೆ, ಒಟ್ಟು 42 ಚೆಕ್ಕುಗಳಲ್ಲಿ ಮೂರು ಲಕ್ಷ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಹಣ ತೆಗೆದ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಕಂಪನಿ ಹಣ ವಾಪಸು ಕೇಳಿದಾಗ, ಇಷ್ಟು ದಿನ ಪಾಸ್‌ಬುಕ್ಕು ನೋಡಿಯೂ ನೀವು ಸುಮ್ಮನಿದ್ದಿರಿ, ಅಜಾಗರೂಕತೆ ನಿಮ್ಮದೇ ಎಂದು ಕೆನರಾ ಬ್ಯಾಂಕು ವಾದಿಸಿತು. ಸುಪ್ರೀಂ ಕೋರ್ಟು 1987ರಲ್ಲಿ ಈ ವಾದ ಒಪ್ಪಲಿಲ್ಲ. ಸಹಿ ನಕಲಿಯಾದರೆ ಅದು ಗ್ರಾಹಕರ ಆಜ್ಞೆಯೇ ಅಲ್ಲ, ಆಜ್ಞೆ ಇಲ್ಲದೆ ಖಾತೆಯಿಂದ ಹಣ ಕೊಡುವ ಅಧಿಕಾರ ಬ್ಯಾಂಕಿಗಿಲ್ಲ, ಬರೀ ಅಜಾಗರೂಕತೆಯಿಂದ ಗ್ರಾಹಕರ ಹಕ್ಕು ಹೋಗುವುದಿಲ್ಲ ಎಂದಿತು. ಬ್ಯಾಂಕು ಹಣ ತುಂಬಿಕೊಡಬೇಕಾಯಿತು.

ತಿದ್ದಿದ ಚೆಕ್ಕಿನ ಕತೆ ಬೇರೆ. ಅಲ್ಲಿ ಸಹಿ ಗ್ರಾಹಕರದೇ. ತಿದ್ದಿದ್ದು ಮೇಲ್ನೋಟಕ್ಕೆ ಕಾಣುವಂತಿಲ್ಲದಿದ್ದು, ಬ್ಯಾಂಕು ಸದುದ್ದೇಶದಿಂದ, ಎಚ್ಚರ ವಹಿಸಿ ಹಣ ಕೊಟ್ಟಿದ್ದರೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 89ನೇ ಸೆಕ್ಷನ್ನು ಬ್ಯಾಂಕಿನ ಬೆನ್ನಿಗೆ ನಿಲ್ಲುತ್ತದೆ. ಆಗ ಪೆಟ್ಟು ಬೀಳುವುದು ಗ್ರಾಹಕರಿಗೆ. ಅಂದರೆ ನಕಲು ಚೆಕ್ಕಿನಲ್ಲಿ ಪಾಸಿಟಿವ್ ಪೇ ಬ್ಯಾಂಕನ್ನು ಕಾಯುತ್ತದೆ, ತಿದ್ದಿದ ಚೆಕ್ಕಿನಲ್ಲಿ ನಮ್ಮನ್ನು ಕಾಯುತ್ತದೆ. ಬ್ಯಾಂಕಿನ ಪ್ರಕಟಣೆಗಳಲ್ಲಿ ‘ನಿಮ್ಮ ಸುರಕ್ಷತೆಗಾಗಿ’ ಎಂದಷ್ಟೇ ಬರೆದಿರುತ್ತದೆ. ‘ನಮ್ಮದಕ್ಕೂ’ ಎಂದು ಸೇರಿಸಿದ್ದರೆ ಇನ್ನೂ ಪ್ರಾಮಾಣಿಕವಾಗಿರುತ್ತಿತ್ತು.

ಇತ್ತೀಚೆಗೆ ಒತ್ತಡ ಹೆಚ್ಚಲು ಇನ್ನೊಂದು ಕಾರಣವಿದೆ. 2025ರ ಅಕ್ಟೋಬರ್ 4ರವರೆಗೆ ಚೆಕ್ಕುಗಳು ಕಂತೆಯಾಗಿ ಹೋಗುತ್ತಿದ್ದವು, ಹಣ ಬರಲು ಮರುದಿನ ಆಗುತ್ತಿತ್ತು. ಅಂದಿನಿಂದ ಸ್ಕ್ಯಾನ್ ಆದ ಚೆಕ್ಕು ಆಗಿಂದಾಗಲೇ ಮುಂದಕ್ಕೆ ಹೋಗುತ್ತದೆ. ಹಣ ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಮೊದಲ ಹಂತದ ನಿಯಮದಲ್ಲಿ, ಏನೂ ಹೇಳದಿದ್ದರೆ ಒಪ್ಪಿದೆ ಎಂದೇ ಲೆಕ್ಕ. ಸಂಜೆ ಆರೂವರೆಗೆ ಫೋನ್ ಮಾಡಿ, ಗ್ರಾಹಕರು ಮದುವೆ ಮನೆಯಲ್ಲಿದ್ದು ಎತ್ತದಿದ್ದರೆ ಬ್ಯಾಂಕಿನ ಪಾಡು ಊಹಿಸಿಕೊಳ್ಳಿ. ಮುಂಚೆಯೇ ವಿವರ ಬಂದಿರಲಿ ಎಂದು ಅವು ಮೇಲಿಂದ ಮೇಲೆ ಸಂದೇಶ ಕಳಿಸುವುದು ಇದಕ್ಕೇ.

ಮೋಸವಿಲ್ಲದ ಚೆಕ್ಕುಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ. ಬಹಳ ಸಲ ಎಡವುವುದು ಹೆಸರಿನಲ್ಲಿ. ನಮ್ಮ ಅಡಿಕೆ ವ್ಯಾಪಾರಿ ಚೆಕ್ಕಿನ ಮೇಲೆ ಡೀಲರಿನ ಅಂಗಡಿಯ ಹೆಸರು ಬರೆದು, ಆ್ಯಪ್‌ನಲ್ಲಿ ರೂಢಿಯಂತೆ ಅಂಗಡಿ ಮಾಲೀಕರ ಹೆಸರು ತುಂಬಿದರು ಎನ್ನಿ. ಅವರ ಮನಸ್ಸಿನಲ್ಲಿ ಇಬ್ಬರೂ ಒಂದೇ, ವ್ಯವಸ್ಥೆಗೆ ಬೇರೆ ಬೇರೆ. ಚೆಕ್ಕಿನ ಮೇಲೆ ಅಕ್ಷರಕ್ಷರ ಏನಿದೆಯೋ ಅದನ್ನೇ ತುಂಬಬೇಕು. ಮುಂದಿನ ತಾರೀಖು ಹಾಕಿ ಕೊಟ್ಟ ಚೆಕ್ಕಿಗೆ ಬರೆದ ದಿನದ ತಾರೀಖು ತುಂಬುವುದು ಇನ್ನೊಂದು ತಪ್ಪು. ಚೆಕ್ಕಿನ ಮೇಲಿರುವ ತಾರೀಖೇ ಬೇಕು. ಮೊತ್ತದಲ್ಲಿ ಒಂದು ಸೊನ್ನೆ ಬಿಟ್ಟರೆ 6,85,000 ಹೋಗಿ 68,500 ಆಗುತ್ತದೆ. ಹಲವು ಬ್ಯಾಂಕುಗಳಲ್ಲಿ ಒಮ್ಮೆ ಕಳಿಸಿದ ವಿವರವನ್ನು ತಿದ್ದಲು ಬರುವುದಿಲ್ಲ. ಆಗ ಶಾಖೆಗೆ ಹೋಗಬೇಕು, ಇಲ್ಲವೇ ಆ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟು ಹೊಸದು ಬರೆಯಬೇಕು. ಚೆಕ್ಕು ಕ್ಲಿಯರಿಂಗಿಗೆ ಬಂದ ದಿನ ತುಂಬಿದರೆ ತಡವಾಗಬಹುದು. ಹಿಂದಿನ ಕೆಲಸದ ದಿನವೇ ಮುಗಿಸುವುದು ಕ್ಷೇಮ.

ಚೆಕ್ಕು ಪಡೆಯುವವರೂ ಒಂದು ಮಾತು ಕೇಳಿಕೊಳ್ಳಬೇಕು. ಸೈಟು ಮಾರಿದವರು, ಅಡಿಕೆ ಮಾರಿದವರು, ಕೈಗೆ ಚೆಕ್ಕು ಬಂದಾಗ ‘ಪಾಸಿಟಿವ್ ಪೇ ಹಾಕಿದ್ದೀರಾ?’ ಎಂದು ಕೇಳಿದರೆ ಸಂಕೋಚವೇನಿಲ್ಲ. ವಿವರವಿಲ್ಲವೆಂದು ಚೆಕ್ಕು ವಾಪಸಾದರೆ ಬ್ಯಾಂಕಿಗೆ ಎರಡು ಸಲ ಅಲೆಯುವವರು ಅವರೇ.

ಈ ಏರ್ಪಾಡಿನ ಹೆಸರಿನಲ್ಲೇ ಹೊಸ ಮೋಸಗಾರರು ಬರಬಹುದು. ‘ಬ್ಯಾಂಕಿನಿಂದ ಮಾತಾಡ್ತಿದ್ದೀನಿ, ನಿಮ್ಮ ಚೆಕ್ಕು ಪಾಸ್ ಆಗ್ಬೇಕು, ಒಂದು ಒಟಿಪಿ ಬಂದಿರುತ್ತೆ ಹೇಳಿ’ ಎಂದು ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ಚೆಕ್ಕನ್ನು ದೃಢಪಡಿಸಿಕೊಳ್ಳಲು ಬ್ಯಾಂಕಿಗೆ ಬೇಕಿರುವುದು ನಂಬರು, ತಾರೀಖು, ಹೆಸರು, ಮೊತ್ತ ಮಾತ್ರ. ಅನುಮಾನ ಬಂದರೆ ಪಾಸ್‌ಬುಕ್ಕಿನಲ್ಲಿರುವ ಶಾಖೆಯ ನಂಬರಿಗೆ ನಾವೇ ಕರೆ ಮಾಡಬೇಕು.

ಐವತ್ತು ಸಾವಿರಕ್ಕಿಂತ ಕಡಿಮೆಯ ಚೆಕ್ಕುಗಳು ಸಾಮಾನ್ಯವಾಗಿ ಈ ಬೇಲಿಯ ಹೊರಗೇ ಉಳಿಯುತ್ತವೆ. ನಲವತ್ತೊಂಬತ್ತು ಸಾವಿರದ ನಾಲ್ಕು ನಕಲು ಚೆಕ್ಕು ತಂದವನನ್ನು ಇದು ತಡೆಯದು. ಅವನಿಗೆ ಎಸ್ಎಂಎಸ್ ಸಂದೇಶವೇ ಕಾವಲು. ಇನ್ನೊಂದು ಬಿರುಕು ಆಫೀಸಿನ ಒಳಗೇ ಇದೆ. 42 ಚೆಕ್ಕು ಬರೆದ ಆ ಅಕೌಂಟೆಂಟನ ಕಾಲದಲ್ಲಿ ಆ್ಯಪ್ ಇರಲಿಲ್ಲ. ಈಗ ಅನೇಕ ಅಂಗಡಿ, ಸೊಸೈಟಿ, ಶಾಲೆಗಳಲ್ಲಿ ಚೆಕ್ಕು ಬರೆಯುವವರು, ಆ್ಯಪ್‌ನಲ್ಲಿ ವಿವರ ತುಂಬುವವರು, ಒಟಿಪಿ ಬರುವ ಫೋನು ಇಟ್ಟುಕೊಂಡಿರುವವರು ಎಲ್ಲ ಒಬ್ಬರೇ. ಅಲ್ಲಿ ಎರಡನೇ ಸಾಕ್ಷಿಯೂ ಮೊದಲನೆಯದೇ ಬಾಯಿಂದ ಬರುತ್ತದೆ. ಬ್ಯಾಂಕಿನಲ್ಲಿ ಚಾಲ್ತಿ ಖಾತೆಯ ಆ್ಯಪ್‌ಗೆ ಒಬ್ಬರು ತುಂಬಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆ ಸಾಮಾನ್ಯವಾಗಿ ಸಿಗುತ್ತದೆ. ಅದಕ್ಕೆ ಅರ್ಜಿ ಕೊಟ್ಟು, ಒಪ್ಪಿಗೆಯ ಫೋನು ಸಹಿ ಮಾಡುವವರ ಜೇಬಿನಲ್ಲೇ ಇರುವಂತೆ ನೋಡಿಕೊಳ್ಳುವುದು ಸಂಸ್ಥೆಯವರ ಕೆಲಸ. ಅದನ್ನು ಬ್ಯಾಂಕು ಮಾಡಿಕೊಡುವುದಿಲ್ಲ.